ನಾಲ್ಕನೆಯ ಕೊಂಬೆ

ಯುದ್ಧದ ವರ್ಷಗಳಲ್ಲಿ ನಾನು ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಜೊತೆಗೆ ಬೆಂಗಳೂರಿನ ಒಂದು ಪತ್ರಿಕೆಗೆ ಚಿನ್ನದ ಗಣಿಯ ಸುದ್ದಿ ಕಳುಹಿಸುತ್ತಿದ್ದೆ. ಗಣಿಯೊಳಗೆ ಯಾರಾದರೂ ಸತ್ತರೆ ಪತ್ರಿಕೆಯಲ್ಲಿ ಅದಕ್ಕೆ ನಾಲ್ಕು ಸಾಲು ಜಾಗವಿತ್ತು: ಎಲ್ಲಿ, ಯಾವ ಪಾಳಿಯಲ್ಲಿ, ಹೇಗೆ, ಮನೆಯಲ್ಲಿ ಯಾರಿದ್ದಾರೆ. ಮರುಕದ ಮಾತು ಸೇರಿಸಿದರೆ ಸಂಪಾದಕರು ಹೊಡೆದುಹಾಕುತ್ತಿದ್ದರು. ಅಂಥ ಸಾಲುಗಳನ್ನು ಬರೆದು ರೂಢಿಯಾಗಿತ್ತು. ಮುಂದೆ ಹೇಳಲಿರುವ ನನ್ನ ಹೆದರಿಕೆಗೆ ಆ ರೂಢಿಯೂ ಒಂದು ಕಾರಣ.

ಗಣಿಯ ಸರ್ವೆ ಕಚೇರಿಯಲ್ಲಿದ್ದ ಒಬ್ಬ ಎಂಜಿನಿಯರು ಅಲ್ಲಿನ ಗಣಿಗಳಲ್ಲೊಂದಾದ ಚಾಂಪಿಯನ್ ರೀಫ್ಸ್‌ನಲ್ಲಿ ವಾರಕ್ಕೊಮ್ಮೆ ತರಗತಿ ನಡೆಸುತ್ತಿದ್ದರು. ಮೇಸ್ತ್ರಿಗಳಾಗಲು ಕಾದಿದ್ದ ಕೆಲಸಗಾರರೇ ಅಲ್ಲಿನ ವಿದ್ಯಾರ್ಥಿಗಳು. ತಮಿಳಿನಲ್ಲಿ ಬರೆದ ಉತ್ತರಗಳನ್ನು ಎಂಜಿನಿಯರೇ ನೋಡುತ್ತಿದ್ದರು. ಕನ್ನಡದವು ನನ್ನಲ್ಲಿಗೆ ಬರುತ್ತಿದ್ದವು.

ಒಂದು ವಾರ ಬಂದ ಸಂಭವದ ಲೆಕ್ಕ ಎಲ್ಲ ಪುಸ್ತಕಗಳಲ್ಲಿ ಇರುವಂಥ ಚೆಂಡು, ದಾಳಗಳದ್ದಲ್ಲ. ಬಂಡೆಯಲ್ಲಿ ತೂತು ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚಿ ದೂರ ಸರಿದ ಮೇಲೆ ಒಬ್ಬ ನಿಂತು ಶಬ್ದಗಳನ್ನು ಎಣಿಸಬೇಕು. ಎಷ್ಟು ತೂತಿಗೆ ಮದ್ದು ತುಂಬಿದೆಯೋ ಅಷ್ಟು ಶಬ್ದ ಕೇಳಿದರೆ ಎಲ್ಲವೂ ಸಿಡಿದವು ಎಂದು ಅರ್ಥ. ಒಂದು ಕಡಿಮೆಯಾದರೆ ಒಂದು ಮದ್ದು ಸಿಡಿಯದೆ ಬಂಡೆಯಲ್ಲಿ ಉಳಿದಿರಬಹುದು. ಮುಂದೆ ಅದರ ಮೇಲೆ ಡ್ರಿಲ್ ಇಟ್ಟವನು ಹಿಂತಿರುಗುವುದಿಲ್ಲ. ಆದರೆ ಎರಡು ಒಟ್ಟಿಗೆ ಸಿಡಿದು ಒಂದೇ ಶಬ್ದವಾಗಿರಲೂ ಸಾಧ್ಯ. ಎಂಜಿನಿಯರು ಇದಕ್ಕೆ ಇನ್ನೊಂದನ್ನು ಸೇರಿಸಿದ್ದರು: ಪಕ್ಕದ ಸುರಂಗದಲ್ಲಿ ಅದೇ ಹೊತ್ತಿಗೆ ಸಿಡಿದದ್ದನ್ನು ನಮ್ಮದೆಂದು ಎಣಿಸಿಬಿಡಬಹುದು. ಆಗ ಒಂದು ಮದ್ದು ಉಳಿದಿದ್ದರೂ ಎಣಿಕೆ ಪೂರ್ತಿ ಬರುತ್ತದೆ.

ಅಭ್ಯಾಸಕ್ಕೆಂದು ಅವರು ಕೊಟ್ಟ ಅಂಕಿಗಳು ಹೀಗಿದ್ದವು. ನೂರು ಸಲ ಮದ್ದು ಹಾರಿಸಿದರೆ ಹತ್ತು ಸಲ ಒಂದು ಉಳಿಯುತ್ತದೆ ಎಂದುಕೊಳ್ಳಿ. ಉಳಿದಾಗ ಹತ್ತರಲ್ಲಿ ಒಂಬತ್ತು ಸಲ ಎಣಿಕೆ ಕಡಿಮೆ ಬರುತ್ತದೆ, ಒಂದು ಸಲ ಪೂರ್ತಿ ಬರುತ್ತದೆ. ಏನೂ ಉಳಿಯದಿದ್ದಾಗಲೂ ಹತ್ತರಲ್ಲಿ ಎರಡು ಸಲ ಕಡಿಮೆ ಬರುತ್ತದೆ. ಪ್ರಶ್ನೆ ಎರಡು. ಎಣಿಕೆ ಕಡಿಮೆ ಬಂದಾಗ ಮದ್ದು ಉಳಿದಿರುವ ಸಂಭವ ಎಷ್ಟು? ಪೂರ್ತಿ ಬಂದಾಗ ಎಷ್ಟು? ಒಂದೊಂದು ಸಾಧ್ಯತೆಗೂ ಒಂದೊಂದು ಕೊಂಬೆ ಬಿಡಿಸಿ ತೋರಿಸಿ.

ಶನಿವಾರ ಸಂಜೆ ಸ್ಟಾಫ್ ರೂಮಿನಲ್ಲಿ ಕೂತು ಉತ್ತರಗಳನ್ನು ನೋಡಿದೆ. ಹೆಚ್ಚಿನವರು ಮೊದಲ ಪ್ರಶ್ನೆಗೆ ಹತ್ತರಲ್ಲಿ ಒಂಬತ್ತು ಎಂದು ಬರೆದಿದ್ದರು. ಅದು ಪ್ರಶ್ನೆಯನ್ನೇ ತಿರುಗಿಸಿದಂತೆ. ಮದ್ದು ಉಳಿದಾಗ ಎಣಿಕೆ ಕಡಿಮೆ ಬರುವುದು ಒಂದು ಮಾತು, ಎಣಿಕೆ ಕಡಿಮೆ ಬಂದಾಗ ಮದ್ದು ಉಳಿದಿರುವುದು ಇನ್ನೊಂದು ಮಾತು. ಕಡಿಮೆ ಬರುವ ಸಲಗಳು ಒಟ್ಟು ಇಪ್ಪತ್ತೇಳು: ಉಳಿದದ್ದರಿಂದ ಒಂಬತ್ತು, ಒಟ್ಟಿಗೆ ಸಿಡಿದದ್ದರಿಂದ ಹದಿನೆಂಟು. ಆದ್ದರಿಂದ ಉತ್ತರ ಮೂರರಲ್ಲಿ ಒಂದು. ಈ ತಪ್ಪಿನಿಂದ ಯಾರಿಗೂ ಅಪಾಯವಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಹೆದರುತ್ತಾರೆ ಅಷ್ಟೆ. ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ ಮುಂದೆ ಹೋದೆ.

ಒಂದು ಹಾಳೆಯಲ್ಲಿ ಮೊದಲ ಉತ್ತರ ಹದಿನಾಲ್ಕರಲ್ಲಿ ಐದು ಎಂದಿತ್ತು. ಸರಿಯುತ್ತರಕ್ಕೆ ತೀರ ಹತ್ತಿರ. ಕೂಡುವಾಗ ಎಡವಿರಬೇಕು ಎಂದು ಕೊಂಬೆಗಳನ್ನು ಹಿಂದಕ್ಕೆ ಹಿಡಿದು ಬಂದೆ. ಕೂಡಿದ್ದು ಸರಿಯಾಗಿಯೇ ಇತ್ತು: ಹತ್ತು, ಹದಿನೆಂಟು, ಒಟ್ಟು ಇಪ್ಪತ್ತೆಂಟು. ಆದರೆ ಒಂಬತ್ತು ಇರಬೇಕಾದಲ್ಲಿ ಹತ್ತು ಬಂದದ್ದು ಹೇಗೆ? ಆಗ ಕಂಡಿತು. ಚಿತ್ರದಲ್ಲಿ ಮೂರೇ ಕೊಂಬೆಗಳಿದ್ದವು. 'ಮದ್ದು ಉಳಿಯಿತು' ಎಂಬಲ್ಲಿಂದ ಒಂದೇ ಗೆರೆ ಹೊರಟು 'ಎಣಿಕೆ ಕಡಿಮೆ'ಗೆ ಹೋಗಿತ್ತು. 'ಮದ್ದು ಉಳಿಯಿತು, ಎಣಿಕೆ ಪೂರ್ತಿ' ಎಂಬ ನಾಲ್ಕನೆಯ ಕೊಂಬೆಯೇ ಇರಲಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಸೊನ್ನೆ. ಅದರ ಕೆಳಗೆ, ಯಾರೂ ಕೇಳದಿದ್ದರೂ, ಒಂದು ವಾಕ್ಯ: ಎಣಿಕೆ ಪೂರ್ತಿ ಬಂದರೆ ನೋಡುವ ಅಗತ್ಯವಿಲ್ಲ.

ಹಾಳೆಗಳ ಮೇಲೆ ಹೆಸರು ಇರುತ್ತಿರಲಿಲ್ಲ. ಆದರೆ ಆ ಬರಹ ನನಗೆ ಗೊತ್ತಿತ್ತು. ಅಕ್ಕನ ಸುದ್ದಿ ಹೊತ್ತು ಬರುತ್ತಿದ್ದ ಕಾರ್ಡುಗಳೆಲ್ಲ ಅದೇ ಕೈಯವು. ಅದು ನನ್ನ ಭಾವನ ಹಾಳೆ.

ಭಾವ ಕ್ಯಾಸಂಬಳ್ಳಿ ಕಡೆಯವನು. ಹೊಲವನ್ನು ಅಣ್ಣನಿಗೆ ಬಿಟ್ಟು ಗಣಿಗೆ ಬಂದವನು. ಅವನ ತಂಡದ ಮೇಸ್ತ್ರಿ ರಜೆಯಲ್ಲಿದ್ದುದರಿಂದ ಆ ವಾರದಿಂದ ಶಬ್ದ ಎಣಿಸುವ ಕೆಲಸ ಅವನದಾಗಿತ್ತು. ಎಣಿಕೆ ಮುಗಿಸಿ 'ಒಳಗೆ ಹೋಗಿ' ಎಂದು ಹೇಳುವವನು ಅವನೇ, ಎಲ್ಲರಿಗಿಂತ ಮುಂದೆ ಹೋಗುವವನೂ ಅವನೇ. ಹಾಳೆಯ ಮೇಲಿದ್ದದ್ದು ಲೆಕ್ಕದ ತಪ್ಪಲ್ಲ. ಅವನು ಮಾಡುತ್ತಿದ್ದುದನ್ನೇ ಬರೆದಿದ್ದ.

ನಾಲ್ಕು ಸಾಲುಗಳು ತಾವಾಗಿಯೇ ನನ್ನ ತಲೆಯಲ್ಲಿ ಜೋಡಿಸಿಕೊಂಡವು. ಊರು, ಪಾಳಿ, ಕಾರಣ. ನಾಲ್ಕನೆಯದರಲ್ಲಿ ಅಕ್ಕ. ಪೆನ್ಸಿಲು ಕೆಳಗಿಟ್ಟೆ.

ಭಾನುವಾರವೂ ಅವನಿಗೆ ಪಾಳಿಯಿತ್ತು; ಬೆಳಿಗ್ಗೆ ಮೊದಲ ರೈಲು ಹಿಡಿದೆ. ಬಂಗಾರಪೇಟೆಯಿಂದ ಗಣಿಗೆ ದೂರವೇನೂ ಇಲ್ಲ, ಆದರೆ ಆ ರೈಲು ಪ್ರತಿ ನಿಲ್ದಾಣದಲ್ಲೂ ಹಾಲಿನ ಕ್ಯಾನು ಇಳಿಸುತ್ತ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾರ್ಡಿನ ಬಾವುಟ ನೋಡಿದೆ. ಇಳಿದ ಮೇಲೆ 'ಲೈನು' ಎನ್ನುತ್ತಿದ್ದ ಕೆಲಸಗಾರರ ಸಾಲುಮನೆಗಳ ಕಡೆ ಓಡಿದೆ.

ಭಾವ ಅಂಗಿ ತೊಟ್ಟು ಊಟದ ಡಬ್ಬಿಗೆ ಬಟ್ಟೆ ಕಟ್ಟುತ್ತಿದ್ದ. ಅಕ್ಕ ಬಾಗಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

"ಏನ್ಲಾ ಮೇಷ್ಟ್ರೇ, ಒತ್ತಾರೆನೇ ಬಂದಿದೀಯ? ನಾನು ಫೇಲಾ?" ಎಂದ ಭಾವ.

"ಒಳಗೋಗೋಕೆ ಮುಂಚೆ ಒಂದು ಮಾತು ಕೇಳು ಭಾವ. ಎಣಿಕೆ ಪೂರ್ತಿ ಬಂದ್ರೂ ಬಂಡೆ ನೋಡ್ಬೇಕು."

"ಪೂರ್ತಿ ಬಂದ್ಮೇಲೆ ಇನ್ನೇನ್ ನೋಡೋದು? ಎಣಿಸೋದು ಯಾಕ್ಲಾ ಮತ್ತೆ?"

ಮಾತಿನಲ್ಲಿ ಆಗದೆಂದು ಮೊರದಿಂದ ನೂರು ಕಾಳು ಎಣಿಸಿ ನೆಲಕ್ಕೆ ಹಾಕಿದೆ. ಹತ್ತನ್ನು ಬೇರೆ ಮಾಡಿದೆ. ಅವು ಮದ್ದು ಉಳಿದ ಸಲಗಳು. ಅದರಲ್ಲಿ ಒಂಬತ್ತನ್ನು ಎಡಕ್ಕೆ, ಒಂದನ್ನು ಬಲಕ್ಕೆ ಸರಿಸಿದೆ. ಉಳಿದ ತೊಂಬತ್ತರಲ್ಲಿ ಹದಿನೆಂಟನ್ನು ಎಡಕ್ಕೆ, ಎಪ್ಪತ್ತೆರಡನ್ನು ಬಲಕ್ಕೆ. ಎಡಗಡೆಯದು ಎಣಿಕೆ ಕಡಿಮೆ ಬಂದ ರಾಶಿ. ಬಲಗಡೆಯದು ಪೂರ್ತಿ ಬಂದ ರಾಶಿ.

"ಬಲಗಡೆ ಎಪ್ಪತ್ತಮೂರು ಅವೆ. ಅದ್ರಲ್ಲಿ ಒಂದು ಸಿಡೀದೆ ಉಳಿದಿದ್ದು. ನೀನು ಸೊನ್ನೆ ಅಂತ ಬರ್ದಿದೀಯ."

ಭಾವ ನಕ್ಕ. "ಎಪ್ಪತ್ತೆರಡು ಸಲ ಸುಮ್ಸುಮ್ನೆ ಬಗ್ಗಿ ನೋಡ್ಲಾ? ಡ್ರಿಲ್‌ನೋರು ಬಾಯಿಗೆ ಬಂದಂಗೆ ನನ್ನ ಬಯ್ತಾರೆ. ಪಕ್ಕದ ಸುರಂಗದ ಸದ್ದು ಯಾವ್ದು, ನಂದು ಯಾವ್ದು ಅಂತ ನಂಗೊತ್ತಿಲ್ವಾ?"

"ತಿಳೀದೆ ಇದ್ದಾಗ, ತಿಳೀಲಿಲ್ಲ ಅಂತಾನೂ ಗೊತ್ತಾಗಲ್ಲ ಭಾವ."

ಅಕ್ಕ ಸುಲಿಯುವುದು ನಿಲ್ಲಿಸಿ ಬಲಗಡೆಯ ರಾಶಿಯನ್ನೇ ನೋಡುತ್ತಿದ್ದಳು. "ಆ ಒಂದು ಕಾಳು ಯಾವ್ದು ತೋರ್ಸು," ಎಂದಳು. ನಾನು ಅದನ್ನು ಆಗಲೇ ಉಳಿದವುಗಳ ಜೊತೆ ಬೆರೆಸಿಬಿಟ್ಟಿದ್ದೆ. ತೋರಿಸಲಾಗಲಿಲ್ಲ. ಅವಳು ಭಾವನ ಕಡೆ ತಿರುಗಿದಳು.

"ಏ, ನಿನ್ ತಮ್ಮ ಅವರೆಕಾಳಲ್ಲಿ ಶಾಸ್ತ್ರ ಏಳ್ತಾವ್ನೆ ಅಷ್ಟೆ. ನೋಡಾನ ಬಿಡು," ಎಂದು ಭಾವ ಡಬ್ಬಿ ಎತ್ತಿಕೊಂಡು ಹೊರಟ. ನೋಡುತ್ತೇನೆ ಎಂದನೋ, ಮುಂದಿನ ಮಾತು ಮುಂದೆ ಎಂದನೋ ನಮಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವನು ಲೈನಿನ ತಿರುವು ದಾಟಿದ್ದ.

ನಾನು ವಾಪಸು ಹೋಗಲಿಲ್ಲ. ಅಕ್ಕ ಕಾಳನ್ನು ಸಾರಿಗೆ ಹಾಕದೆ ಎರಡು ರಾಶಿಯಾಗಿಯೇ ನೆಲದ ಮೇಲೆ ಬಿಟ್ಟಿದ್ದಳು. ನಾವಿಬ್ಬರೂ ಅವನ್ನು ಸುತ್ತಿಕೊಂಡು ಓಡಾಡಿದೆವು. ಮಧ್ಯಾಹ್ನದ ಹೊತ್ತಿಗೆ ಕೆಳಗೆಲ್ಲೋ ಬಂಡೆ ಸಿಡಿದು ನೆಲ ಅದುರಿತು. ಗೂಡಿನ ಲೋಟಗಳು ಒಂದಕ್ಕೊಂದು ತಾಗಿದವು. ಆ ಲೈನುಗಳಲ್ಲಿ ಅದು ಹೊಸದಲ್ಲ, ಪಕ್ಕದ ಮನೆಯ ಹೆಂಗಸು ರಾಗಿ ಬೀಸುವುದನ್ನು ನಿಲ್ಲಿಸಲೂ ಇಲ್ಲ. ಆದರೆ ಅಕ್ಕ ನನ್ನ ತೋಳು ಹಿಡಿದುಕೊಂಡಳು. ಅವಳ ಉಗುರು ನಾಟಿದ್ದು ನನಗೆ ಆಮೇಲೆ ಗೊತ್ತಾಯಿತು. ಗಣಿಯ ಕಡೆಯಿಂದ ಯಾರಾದರೂ ಓಡಿ ಬರುತ್ತಾರೆಯೇ ಎಂದು ಬೀದಿಯ ಕೊನೆಯನ್ನೇ ನೋಡುತ್ತ ನಿಂತೆವು. ಒಬ್ಬ ಸೈಕಲ್ಲಿನವನು ಬಂದ. ನಮ್ಮ ಮನೆ ದಾಟಿ ಹೋದ. ಹೆಜ್ಜೆ ಸದ್ದಾದಾಗಲೆಲ್ಲ ಅಕ್ಕ ಬಾಗಿಲಿಗೆ ಬಂದು ನೋಡುತ್ತಿದ್ದಳು.

ಪಾಳಿ ಬಿಟ್ಟ ಸೈರನ್ ಆದ ಮೇಲೂ ಬಹಳ ಹೊತ್ತು ಅವನು ಬರಲಿಲ್ಲ. ಜೊತೆಗೆ ಹೋದವರೆಲ್ಲ ಮನೆ ಸೇರಿದ ಮೇಲೆ ಬಂದ. ಕೈಕಾಲು ತೊಳೆದು, ನೆಲದ ಮೇಲಿನ ಕಾಳುಗಳನ್ನು ನೋಡಿ, "ಇನ್ನೂ ಸಾರು ಮಾಡಿಲ್ವಾ?" ಎಂದ.

"ಎಣಿಕೆ ಏನಾಯ್ತು?" ಎಂದೆ.

"ಪೂರ್ತಿ ಬಂತು. ನೋಡ್ದೆ ಕಣ್ಲಾ. ನೀರು ಒಯ್ದು ಬಂಡೆ ತೊಳ್ದು, ದೀಪ ಇಟ್ಟು ಒಂದೊಂದು ತೂತೂ ನೋಡ್ದೆ. ಏನೂ ಇರ್ಲಿಲ್ಲ. ನನ್ನಿಂದ ಕೆಲ್ಸ ತಡವಾಯ್ತು ಅಂತ ಎಲ್ರೂ ಆಡ್ಕೊಂಡ್ರು. 'ಮೇಸ್ತ್ರಿ ಕಿವಿ ಓಲೆ ಕಳ್ಕೊಂಡು ಹುಡುಕ್ತಾವ್ನೆ' ಅಂತ."

ಅಕ್ಕ ಗೋಡೆಗೆ ಒರಗಿ ಕೂತಳು. ಆಗ ಭಾವ ಬಗ್ಗಿ, ಬಲಗಡೆಯ ರಾಶಿಯಿಂದ ಒಂದು ಕಾಳನ್ನು ಎತ್ತಿ ಮೊರಕ್ಕೆ ಹಾಕಿದ.

"ಇವತ್ತಿಂದು ಕಳೀತು. ಇನ್ನು ಎಪ್ಪತ್ತೆರಡು. ಆ ಕೆಟ್ಟಿದ್ದು ಬರೋ ಹೊತ್ಗೆ ಇನ್ನೂ ಎಷ್ಟೋ ದಿನ ಅದೆ. ಆಗ ನೋಡಾನ."

ಬೆಳಿಗ್ಗೆಯ ಹೆದರಿಕೆ ಇನ್ನೂ ಜೋರಾಗಿ ಹಿಂತಿರುಗಿತು. ನಾಲ್ಕನೆಯ ಕೊಂಬೆಯನ್ನು ನಾನೇ ತೋರಿಸಿಕೊಟ್ಟಿದ್ದೆ. ಅವನು ಅದನ್ನು ಎಲ್ಲೋ ದೂರದ ದಿನಕ್ಕೆ ತಳ್ಳಿಬಿಟ್ಟಿದ್ದ. ಅವನು ತೆಗೆದ ಕಾಳನ್ನು ಎತ್ತಿ ಮತ್ತೆ ರಾಶಿಗೆ ಹಾಕಿ ಕಲಸಿದೆ.

"ಕಮ್ಮಿ ಆಗಲ್ಲ ಭಾವ. ಇವತ್ತು ಒಳ್ಳೇದು ಸಿಕ್ತು ಅಂತ ನಾಳೆ ರಾಶಿ ಬದಲಾಗಲ್ಲ. ನಾಳೆನೂ ಎಪ್ಪತ್ತಮೂರು. ಅದ್ರಲ್ಲೊಂದು. ನಾಡಿದ್ದೂ ಅಷ್ಟೆ. ನಾಳೆನೇ ಅದು ಬರಬೌದು, ನಾಡಿದ್ದು ಇನ್ನೊಂದ್ಸಲಾನೂ ಬರಬೌದು."

ಭಾವ ನಗಲಿಲ್ಲ. ರಾಶಿಯನ್ನು ನೋಡುತ್ತ ಕುಕ್ಕರಗಾಲಿನಲ್ಲಿ ಕೂತ. "ದಿನಾ ಮೊದ್ಲಿಂದಾನಾ?" ಎಂದು ಕೇಳಿದ. ಅವನ ದನಿಯಲ್ಲಿ ಹೆದರಿಕೆ ಕೇಳಿಸಿದ್ದು ನನಗೆ ಅದೇ ಮೊದಲು.

"ದಿನಾ ಮೊದ್ಲಿಂದ."

ನನ್ನ ಚೀಲದಿಂದ ಅವನ ಹಾಳೆಯನ್ನು ತೆಗೆದುಕೊಟ್ಟೆ. ಎರಡನೆಯ ಪ್ರಶ್ನೆಗೆ ಅಂಕ ಕೊಟ್ಟಿರಲಿಲ್ಲ, ಕೊಡುವಂತಿರಲಿಲ್ಲ. ಅವನು ಅದನ್ನು ಕೇಳಲೂ ಇಲ್ಲ. ಹಾಳೆಯ ಹಿಂಬದಿಯಲ್ಲಿ ಚಿತ್ರವನ್ನು ಹೊಸದಾಗಿ ಬಿಡಿಸಿದ. 'ಮದ್ದು ಉಳಿಯಿತು' ಎಂಬಲ್ಲಿಂದ ಎರಡು ಗೆರೆ ಎಳೆದು, ಎರಡನೆಯದರ ತುದಿಯಲ್ಲಿ ಒಂದು ಎಂದು ಬರೆದು, ನನ್ನ ಕಡೆ ತಿರುಗಿಸಿದ. ಸರಿಯಾಗಿತ್ತು. ಅಕ್ಕ ಆಮೇಲೆಯೇ ಕಾಳುಗಳನ್ನು ಬಾಚಿ ಪಾತ್ರೆಗೆ ಹಾಕಿದ್ದು.

ಮೇಸ್ತ್ರಿ ಕೆಲಸ ಆ ವರ್ಷ ಅವನಿಗೆ ಸಿಗಲಿಲ್ಲ, ಮುಂದಿನ ವರ್ಷ ಸಿಕ್ಕಿತು. ಎಣಿಕೆ ಪೂರ್ತಿ ಬಂದ ದಿನಗಳಲ್ಲೂ ಅವನು ಬಂಡೆ ತೊಳೆಯುತ್ತಾನೆ ಎಂದು ಅವನ ತಂಡದವರು ನನ್ನ ಎದುರಿಗೇ ದೂರುತ್ತಿದ್ದರು. ಪಾಳಿ ಬಿಡುವ ಹೊತ್ತಿಗೆ ಅಕ್ಕ ಬಾಗಿಲಲ್ಲಿ ನಿಲ್ಲುವುದನ್ನು ಕೊನೆಯವರೆಗೂ ಬಿಡಲಿಲ್ಲ.

ಗಣಿಯಿಂದ ನಾಲ್ಕು ಸಾಲಿನ ಸುದ್ದಿಗಳನ್ನು ನಾನು ಅದಾದ ಮೇಲೂ ಕಳುಹಿಸಿದೆ. ಸಿಡಿಯದ ಮದ್ದಿನಿಂದ ಯಾರಾದರೂ ಸತ್ತಾಗ, ಪತ್ರಿಕೆಗೆ ಬೇಕಿಲ್ಲದಿದ್ದರೂ, ತಂಡದವರನ್ನು ಒಂದು ಪ್ರಶ್ನೆ ಕೇಳುತ್ತಿದ್ದೆ: ಅವತ್ತು ಎಣಿಕೆ ಎಷ್ಟು ಬಂದಿತ್ತು? ಒಮ್ಮೆ ಒಬ್ಬ ಮುದುಕ, ಇದೆಂಥ ಪ್ರಶ್ನೆ ಎಂಬಂತೆ ನನ್ನನ್ನು ನೋಡಿ, "ಪೂರ್ತಿ ಬಂದಿತ್ತು ಸಾಮಿ, ಅದ್ಕೇ ಒಳಗೋದ್ವಿ" ಎಂದ.