ಎರಡು ಸಲ ತಿರುಗಿಸಿದ ಹದಿನಾರು ವಾಕ್ಯಗಳು

ಮೈನಸ್ ಚಿಹ್ನೆ ಕಂಡ ದಿನ ಬುಧವಾರ ಎಂದು ನನ್ನ ನೆನಪು. ಹೆಂಡತಿ ಮಂಗಳವಾರ ಅನ್ನುತ್ತಾಳೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ, ಅವಳದನ್ನೂ ನಂಬುವುದಿಲ್ಲ. ಆದರೆ ಆ ಮಧ್ಯಾಹ್ನದ ಹೆದರಿಕೆಯ ಬಗ್ಗೆ ನನಗೆ ಅನುಮಾನವಿಲ್ಲ. ಕೈಯಲ್ಲಿದ್ದ ಪೆನ್ಸಿಲ್ ಬೆವರಿಗೆ ಜಾರುತ್ತಿತ್ತು.

ಅರವತ್ತರ ದಶಕದ ನಡುವಿನ ಮಾತು. ನಾನು ಕೊಲ್ಹಾಪುರದಲ್ಲಿ ಶಿಕ್ಷಣಶಾಸ್ತ್ರದ ಎರಡನೇ ಪದವಿಗೆ ಪ್ರಬಂಧ ಬರೆಯುತ್ತಿದ್ದೆ. ಬಿಡಾರ ಇಚಲಕರಂಜಿಯಲ್ಲಿತ್ತು. ಒಂದೇ ಖೋಲಿ, ಗೋಡೆಯ ಆಚೆ ಮಗ್ಗಗಳು. ಬಡಿಗೆ ಇಲ್ಲದೆ ಪಾಠ ಕಲಿಸುವುದರ ಬಗ್ಗೆ ಪ್ರಾಥಮಿಕ ಶಾಲೆಯ ಮಾಸ್ತರರಿಗೆ, ನಮ್ಮ ಕಡೆ ಬಾಯಿ ಎಂದು ಕರೆಯುವ ಶಿಕ್ಷಕಿಯರಿಗೆ ಎಂಥ ಮನೋಭಾವವಿದೆ ಎಂದು ಅಳೆಯುವ ಲೈಕರ್ಟ್ ಮಾಪಕ ಕಟ್ಟುವುದು ನನ್ನ ವಿಷಯ.

ಮೊದಲು ವಾಕ್ಯಗಳನ್ನು ಕೂಡಿಹಾಕಿದೆ. ಶಾಲೆಯ ಕಟ್ಟೆ, ಎಸ್.ಟಿ. ನಿಲ್ದಾಣ, ಚಹಾದ ಅಂಗಡಿ, ಎಲ್ಲಿ ಮಾಸ್ತರರು ಮಾತಾಡುತ್ತಿದ್ದರೋ ಅಲ್ಲಿ ಕಿವಿ ಕೊಟ್ಟೆ. 'ಬಡಿಗೆ ಇಲ್ಲದೆ ಮಗ್ಗಿ ಬರುವುದಿಲ್ಲ.' 'ಹೆದರಿದ ಹುಡುಗ ಪ್ರಶ್ನೆ ಕೇಳುವುದಿಲ್ಲ.' ಹೀಗೆ ಎಂಬತ್ತೆರಡಾದವು. ಅನುಭವವಿದ್ದ ಐದು ಮಂದಿಗೆ ತೋರಿಸಿದೆ. ಒಂದರಲ್ಲಿ ಎರಡು ಮಾತು ಹೇಳುವವು ಹೋದವು. ಅಭಿಪ್ರಾಯವಲ್ಲದೆ ಬರೀ ಸಂಗತಿ ಹೇಳುವವು, ಎಲ್ಲರೂ ಒಪ್ಪಿಬಿಡುವಂಥವು, ಅವೂ ಹೋದವು. ಕಡೆಗೆ ನಲವತ್ತು ಉಳಿದವು. ಇಪ್ಪತ್ತನಾಲ್ಕು ಬಡಿಗೆ ಬೇಡ ಅನ್ನುವವು, ಹದಿನಾರು ಬೇಕು ಅನ್ನುವವು, ಎಲ್ಲ ಕಲಸಿ ಇಟ್ಟದ್ದು. ಪ್ರತಿಯೊಂದರ ಮುಂದೆ ಐದು ಮನೆ. ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಶುರುವಾಗಿ ಒಪ್ಪುವುದೇ ಇಲ್ಲ ಎಂಬವರೆಗೆ, ನಡುವೆ ಹೇಳಲಾರೆ.

ಬಡಿಗೆ ಬೇಡ ಅನ್ನುವ ವಾಕ್ಯಕ್ಕೆ ಪೂರ್ತಿ ಒಪ್ಪಿದರೆ ಐದು ಅಂಕ, ಒಪ್ಪದಿದ್ದರೆ ಒಂದು. ಬೇಕು ಅನ್ನುವ ಹದಿನಾರಕ್ಕೆ ಇದು ತಿರುವುಮುರುವು: ಪೂರ್ತಿ ಒಪ್ಪಿದರೆ ಒಂದು, ಒಪ್ಪದಿದ್ದರೆ ಐದು. ಹಾಗೆ ತಿರುಗಿಸಿದಾಗಲೇ ಎಲ್ಲ ಅಂಕ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ, ಕೂಡಿಸಿದ ಮೊತ್ತಕ್ಕೆ ಅರ್ಥ ಬರುತ್ತದೆ. ಆ ಹದಿನಾರರ ಸಂಖ್ಯೆಗೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿದ್ದೆ.

ಇಚಲಕರಂಜಿ, ಕೊರೋಚಿ, ಗಡಹಿಂಗ್ಲಜ, ನೇಸರಿ ಸುತ್ತಿ ನೂರು ಮಂದಿಯಿಂದ ಹಾಳೆ ತುಂಬಿಸಿಕೊಂಡೆ. ಅಂಕಗಳನ್ನು ಸಾಲು, ಮನೆ ಎಳೆದ ಒಂದು ದೊಡ್ಡ ತಖ್ತೆಗೆ ಇಳಿಸಿಕೊಟ್ಟವಳು ಹೆಂಡತಿ. ಹಾಳೆಯ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದು ಎಂಬುದು ನನ್ನ ಒಂದು ಸಣ್ಣ ವಹಿಯಲ್ಲಿತ್ತು. ಎಲ್ಲರಿಗೂ ಒಂದೇ ಮಾತು ಹೇಳಿದ್ದೆ: ನೀವು ಬರೆದದ್ದು ನನ್ನ ಬಿಟ್ಟು ಮತ್ತೊಬ್ಬರಿಗೆ ತಿಳಿಯುವುದಿಲ್ಲ.

ಆ ಮಾತನ್ನು ಮುರಿದದ್ದು ಗಡಹಿಂಗ್ಲಜದಲ್ಲಿ. ಅಲ್ಲಿಯ ಶಾಲೆಗಳಿಗೆ ಕಾಲಿಡಲು ಪರವಾನಗಿ ಕೊಟ್ಟ ಅಧಿಕಾರಿ ಚಿಕ್ಕ ಮಕ್ಕಳಿಗಾಗಿ ಒಂದು ಹೊಸ ವರ್ಗ ತೆಗೆಯುವವರಿದ್ದರು. ಬಡಿಗೆ ಇಲ್ಲದ ವರ್ಗ. ಅದಕ್ಕೆ ಒಬ್ಬರೇ ಶಿಕ್ಷಕರು ಬೇಕು.

"ನಿಮ್ಮ ಮಾಪದಾಗ ಯಾರು ಮ್ಯಾಲ ಬರತಾರ, ಅವರ ಹೆಸರು ಕೊಡ್ರಿ ಮಾಸ್ತರ. ಅಷ್ಟ ಸಾಕು," ಅಂದರು.

"ಸಾಹೇಬ್ರ, ಇದು ಇನ್ನೂ ಪರೀಕ್ಷೆದಾಗ ಐತ್ರಿ..."

"ಪರವಾನಗಿ ಕೇಳೂ ಮುಂದ ಪರೀಕ್ಷೆದಾಗ ಇರಲಿಲ್ಲೇನು?"

ಶನಿವಾರ ಹೆಸರು ಕೊಟ್ಟೆ. ಇನ್ನೂರಕ್ಕೆ ನೂರಾ ತೊಂಬತ್ತೇಳು ಬಂದಿದ್ದ ಮಾಸ್ತರರದು. ಅವರನ್ನು ನಾನು ಒಂದು ಸಲ ನೋಡಿದ್ದೆ. ನನಗೆ ಚಹಾ ತರಿಸಿ, ಕಾಲು ತಾಸಿನಲ್ಲಿ ನಲವತ್ತಕ್ಕೂ ಗುರುತು ಹಾಕಿಕೊಟ್ಟಿದ್ದರು. "ಸಾಹೇಬರ ಕಡೆಯಿಂದ ಬಂದ ಕಾಗದಕ್ಕ ಇಲ್ಲ ಅನ್ನೂದು ಶೋಭಾ ಅಲ್ರಿ," ಅಂದು ನಕ್ಕಿದ್ದರು. ಅವರ ಖುರ್ಚಿಯ ಹಿಂದೆ ಗೋಡೆಗೆ ಆತುಕೊಂಡು ಬಿದಿರಿನ ಬಡಿಗೆ ಇತ್ತೇ? ಇತ್ತು ಎಂದು ಈಗ ನೆನಪು. ಆಗ ನೋಡಿದೆನೋ, ಆಮೇಲೆ ಹೆದರಿಕೆ ತಂದಿಟ್ಟಿತೋ ಗೊತ್ತಿಲ್ಲ.

ಮುಂದಿನ ಕೆಲಸ ವಾಕ್ಯಗಳನ್ನು ಸೋಸುವುದು. ಹೆಚ್ಚು ಮೊತ್ತದ ಇಪ್ಪತ್ತೇಳು ಹಾಳೆ ಒಂದು ಕಡೆ, ಕಡಿಮೆ ಮೊತ್ತದ ಇಪ್ಪತ್ತೇಳು ಇನ್ನೊಂದು ಕಡೆ. ನಡುವಿನವು ಬದಿಗೆ. ಒಂದೊಂದು ವಾಕ್ಯಕ್ಕೂ ಮೇಲಿನ ಗುಂಪಿನ ಸರಾಸರಿಯಿಂದ ಕೆಳಗಿನ ಗುಂಪಿನ ಸರಾಸರಿ ಕಳೆದು, ಅಂಕಗಳ ಹರಡಿಕೆ ಲೆಕ್ಕಕ್ಕೆ ಹಿಡಿದು ಟಿ-ಮೌಲ್ಯ ತೆಗೆಯಬೇಕು. ಒಂದೂ ಮುಕ್ಕಾಲಿಗಿಂತ ಹೆಚ್ಚು ಬಂದರೆ ಆ ವಾಕ್ಯ ಎರಡು ಬಗೆಯ ಜನರನ್ನು ಬೇರೆಮಾಡಬಲ್ಲದು, ಇಟ್ಟುಕೊಳ್ಳಬಹುದು.

ಬಡಿಗೆ ಬೇಡ ಅನ್ನುವ ವಾಕ್ಯಗಳು ಚೆನ್ನಾಗಿ ಬಂದವು. ಕೆಂಪು ಸುತ್ತಿನ ಹದಿನಾರರಲ್ಲಿ ಹನ್ನೊಂದು ಮೈನಸ್, ಐದು ಸೊನ್ನೆಯ ಆಸುಪಾಸು.

ವಾಕ್ಯಗಳೇ ಕೆಟ್ಟವು ಎಂದು ನಿರ್ಧರಿಸಿದೆ. ಹದಿನಾರನ್ನೂ ಹೊಡೆದುಹಾಕಲು ಅಪ್ಪಣೆ ಕೇಳಿ ಕೊಲ್ಹಾಪುರಕ್ಕೆ ಹೋದೆ. ನನ್ನ ಮಾರ್ಗದರ್ಶಕರು ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಕಲಿಸುವವರು. ತಖ್ತೆ ನೋಡಿ, "ಅರೆ, ಹೇ ಕಾಯ? ಏನಿದು?" ಅಂದರು. "ಎಲ್ಲಾ ಹದಿನಾರೂ ಒಮ್ಮೆಲೇ ಕೆಟ್ಟ ಹೋಗತಾವೇನಪಾ? ಎಮ್ಮಿ ಹಾಲ ಏನು ಇದು, ಒಡಿಲಿಕ್ಕೆ? ಒಂದು ಹಾಳಿ ತಗೊ. ಓದು."

ಕೈಗೆ ಸಿಕ್ಕದ್ದು ಅರವತ್ತೊಂದನೆಯ ಹಾಳೆ. ವಹಿ ನೋಡದೆಯೂ ಯಾರದು ಎಂದು ಗೊತ್ತಿತ್ತು. ಗಡಹಿಂಗ್ಲಜದಿಂದ ದಿನಾ ಬಸ್ಸಿನಲ್ಲಿ ನೇಸರಿಗೆ ಹೋಗಿ ಕಲಿಸುವ ಒಬ್ಬ ಬಾಯಿಯದು. ಮಗ್ಗಿಯ ವಾಕ್ಯಕ್ಕೆ ಅವರು 'ಒಪ್ಪುವುದೇ ಇಲ್ಲ' ಎಂದು, ಕಾಗದ ಹರಿಯುವಷ್ಟು ಒತ್ತಿ ಗುರುತು ಹಾಕಿದ್ದರು. ಐದು ಅಂಕ ಬರಬೇಕು. ತಖ್ತೆಯಲ್ಲಿ ಹೆಂಡತಿಯ ಅಕ್ಷರದಲ್ಲಿ ಐದು ಇತ್ತು. ಅದನ್ನು ನಾನೇ ಹೊಡೆದು ಒಂದು ಎಂದು ಬರೆದಿದ್ದೆ.

ಹಾಳೆ ನೋಡಿ ತಖ್ತೆಗೆ ಇಳಿಸುವಾಗಲೇ ಅವಳು ತಿರುಗಿಸಿದ್ದಳು. ಕೆಂಪು ಸುತ್ತು ಕಂಡು ನಾನು ಮತ್ತೆ ತಿರುಗಿಸಿದ್ದೆ. ಎರಡು ಸಲ ತಿರುಗಿದ ಅಂಕ ಹೊರಟಲ್ಲಿಗೇ ಬಂದು ನಿಂತಿತ್ತು.

"ಈಗ ಹೇಳು," ಅಂದರು ಗುರುಗಳು. "ಈ ತಖ್ತೆದಾಗ ಎಲ್ಲಾದಕ್ಕೂ ಪೂರ್ತಿ ಒಪ್ಪತೇನಿ ಅಂದಂವ ಎಲ್ಲಿರತಾನ?"

"ಎಲ್ಲಾರಕಿಂತ ಮ್ಯಾಲ, ಸರ್."

"ಹೌದಲ್ಲ. ಹೌದಪ್ಪಗೋಳನ್ನ ಹಿಡೀಲಿಕ್ಕಂತ ಉಲ್ಟಾ ವಾಕ್ಯ ಇಡೂದು. ನೀ ಅವರನ್ನ ಸಿಂಹಾಸನದ ಮ್ಯಾಲ ಕುಂಡ್ರಿಸಿದಿ." ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಏನಾತು?"

ಹೆಸರು ಕೊಟ್ಟದ್ದನ್ನು ಹೇಳಿದೆ. ಅವರು ತಖ್ತೆ ಮಡಚಿ ನನ್ನ ಕೈಗೆ ಕೊಟ್ಟರು. "ಇನ್ನೂ ನೀ ವಾಕ್ಯ ಅಳಿಯಾಕತ್ತಿದ್ದಿ, ಮನಷ್ಯಾರನ್ನಲ್ಲ," ಅಂದರು. "ಹೋಗು. ಹುಡುಗ್ರು ಆ ವರ್ಗಕ್ಕ ಬರೂದ್ರಾಗ ಹೋಗು."

ವರ್ಗ ಮುಂದಿನ ಸೋಮವಾರ ತೆಗೆಯುವುದಿತ್ತು. ಇಚಲಕರಂಜಿಗೆ ಬಂದು ಹೆಂಡತಿಯ ಮುಂದೆ ತಖ್ತೆ ಹರವಿದೆ.

"ತಿರುಗಿಸಿದ್ದು ನನಗ ಯಾಕ ಹೇಳಲಿಲ್ಲ?"

"ಹೇಳೇನ್ರಿ. ನೀವು ಮುಖಾ ತೊಳ್ಕೋತಿದ್ರಿ. ಹೂಂ ಅಂದ್ರಿ."

"ನನಗ ನೆನಪಿಲ್ಲ."

"ಎಮ್.ಎಡ್. ಓದೂ ಮಂದಿಗೆ ಹೂಂ ಅಂದದ್ದು ನೆನಪಿರತೈತೇನು?"

ಅವಳು ನಕ್ಕಳು. ನನಗೆ ಆಗಲಿಲ್ಲ. ಐದಾರು ವರ್ಷದ ಮಕ್ಕಳು ನೆಲದ ಮೇಲೆ ಕೂತಿದ್ದಾರೆ, ಆ ಮಾಸ್ತರರು ಗೋಡೆಯ ಕಡೆ ಕೈ ಚಾಚುತ್ತಾರೆ, ಇದೇ ಕಣ್ಣ ಮುಂದೆ. ಮೊದಲಿಂದ ಅಂಕ ಹಾಕಲು ಹೊತ್ತಿರಲಿಲ್ಲ. ದಾರಿ ಒಂದಿತ್ತು. ತಿರುಗಿಸಿದ ಅಂಕ ಎಂದರೆ ಮೊದಲಿನದನ್ನು ಆರರಲ್ಲಿ ಕಳೆದು ಉಳಿದದ್ದು. ಆರರಂತೆ ಹದಿನಾರು ವಾಕ್ಯಕ್ಕೆ ತೊಂಬತ್ತಾರು. ಪ್ರತಿ ಹಾಳೆಯ ಕೆಂಪು ವಾಕ್ಯಗಳ ಮೊತ್ತವನ್ನು ತೆಗೆದು, ಅದನ್ನೇ ತೊಂಬತ್ತಾರರಲ್ಲಿ ಕಳೆದು ಉಳಿದದ್ದನ್ನು ಸೇರಿಸಿದರೆ ಸಾಕು. ಅವಳು ಓದಿದಳು, ನಾನು ಬರೆದೆ. ಮಾಸ್ತರರ ನೂರಾ ತೊಂಬತ್ತೇಳರಲ್ಲಿ ಕೆಂಪಿನದು ಎಂಬತ್ತು. ಅದು ಹೋಗಿ ಹದಿನಾರು ಬಂತು, ನೂರಾ ಮೂವತ್ಮೂರು. ಬಾಯಿಯ ನೂರಾ ಮೂವತ್ತನಾಲ್ಕರಲ್ಲಿ ಹದಿನೆಂಟು ಹೋಗಿ ಎಪ್ಪತ್ತೆಂಟು ಬಂತು, ನೂರಾ ತೊಂಬತ್ತನಾಲ್ಕು. ಎಲ್ಲರಿಗಿಂತ ಮೇಲೆ. ಪ್ರತಿ ಉತ್ತರವನ್ನೂ ಮೂರು ಸಲ ನೋಡಿದೆ. ಒಂದು ಸಲ ತಪ್ಪಿದ ಕೈ ಇನ್ನೊಮ್ಮೆ ತಪ್ಪದು ಎನ್ನಲು ನನ್ನ ಬಳಿ ಯಾವ ಆಧಾರವಿತ್ತು?

ಮರುದಿನ ಕೊಲ್ಹಾಪುರಕ್ಕೆ ಬಂದು, ಅಲ್ಲಿಂದ ನಿಪ್ಪಾಣಿ, ಸಂಕೇಶ್ವರ ದಾಟಿ ಗಡಹಿಂಗ್ಲಜ. ಬಸ್ಸಿನುದ್ದಕ್ಕೂ ಒಂದೇ ಲೆಕ್ಕ. ತಪ್ಪು ಒಪ್ಪಿಕೊಂಡರೆ ಪರವಾನಗಿ ಹೋಗುತ್ತದೆ, ಪ್ರಬಂಧ ಹೋಗುತ್ತದೆ. ಒಪ್ಪದಿದ್ದರೆ ಮಕ್ಕಳು. ಇದು ಅಳೆಯಬೇಕಾದ ಮಾತಲ್ಲ ಎಂದು ಗೊತ್ತಿದ್ದೂ ಅಳೆಯುತ್ತಿದ್ದೆ.

ಅಧಿಕಾರಿಯ ಮೇಜಿನ ಮೇಲೆ ಆದೇಶ ಟೈಪಾಗಿತ್ತು. ಸಹಿ ಆಗಿರಲಿಲ್ಲ. ನಿಂತೇ ಎಲ್ಲ ಹೇಳಿದೆ.

"ಅಂದ್ರ ನಿಮ್ಮ ಮಾಪ ತಪ್ಪು."

"ಮಾಪ ಅಲ್ರಿ ಸಾಹೇಬ್ರ, ಅಳದಂವ ತಪ್ಪು."

"ಸರಿಯಾದದ್ದು ಐತೇನು?"

ಇತ್ತು, ಚೀಲದಲ್ಲಿ. ಮೊತ್ತ ನೋಡಿ ಯಾರನ್ನೂ ಆರಿಸಬೇಡಿ, ಇಬ್ಬರ ವರ್ಗಕ್ಕೂ ಹೋಗಿ ಕೂತು ನೋಡಿ ಎನ್ನಬೇಕಿತ್ತು. ಹೇಳಲು ಶುರು ಮಾಡಿದೆ ಕೂಡ.

"ನನಗ ಶಾಣ್ಯಾತನ ಕಲಸಬ್ಯಾಡ್ರಿ. ಹೆಸರು ಹೇಳ್ರಿ, ಇಲ್ಲಾಂದ್ರ ಇದಕ್ಕ ಸಹಿ ಮಾಡತೇನಿ." ಪೆನ್ನಿನ ಟೊಪ್ಪಿಗೆ ಆಗಲೇ ತೆಗೆದಿದ್ದರು.

ನೇಸರಿಯ ಬಾಯಿಯ ಹೆಸರು ಹೇಳಿದೆ. ಹಾಳೆ ಬೇಕು ಅಂದರು, ಹಾಳೆಯನ್ನೂ ತೋರಿಸಿದೆ.

ಆಮೇಲಿನದು ಪ್ರಬಂಧದಲ್ಲಿದೆ. ಮೊತ್ತ ಬದಲಾದ್ದರಿಂದ ಮೇಲಿನ, ಕೆಳಗಿನ ಗುಂಪುಗಳನ್ನು ಹೊಸದಾಗಿ ಮಾಡಬೇಕಾಯಿತು. ನಲವತ್ತೂ ಟಿ-ಮೌಲ್ಯ ಮತ್ತೆ ತೆಗೆದೆ. ಕೆಂಪು ವಾಕ್ಯಗಳಲ್ಲಿ ಹೆಚ್ಚಿನವು ಎಲ್ಲಕ್ಕಿಂತ ಗಟ್ಟಿಯಾಗಿ ನಿಂತವು. ಎರಡೂ ಕಡೆಯಿಂದ ಹನ್ನೆರಡು ಹನ್ನೆರಡು ಆರಿಸಿ ಇಪ್ಪತ್ತನಾಲ್ಕು ವಾಕ್ಯಗಳ ಮಾಪಕ ಮಾಡಿದೆ. ಕನಿಷ್ಠ ಮೊತ್ತ ಇಪ್ಪತ್ತನಾಲ್ಕು, ಗರಿಷ್ಠ ನೂರಾ ಇಪ್ಪತ್ತು. ಪದವಿಯೂ ಬಂತು. ಹೆಸರು ಕೊಟ್ಟ ಸಂಗತಿ ಅದರಲ್ಲಿ ಎಲ್ಲೂ ಇಲ್ಲ.

ಒಂದೆರಡು ತಿಂಗಳಾದ ಮೇಲೆ ಬಾಯಿಯನ್ನು ಗಡಹಿಂಗ್ಲಜದಲ್ಲಿ ಕಂಡೆ. ಹೊಸ ವರ್ಗದ ಬಾಗಿಲಲ್ಲಿ ನಿಂತಿದ್ದರು. ಒಳಗೆ ಮಕ್ಕಳ ಗದ್ದಲ. ಒಬ್ಬಳು ಅವರ ಸೆರಗು ಹಿಡಿದು ಜಗ್ಗುತ್ತಿದ್ದಳು. ನನಗೆ ಎದೆ ಹಗುರಾಯಿತು. ನಮಸ್ಕಾರ ಮಾಡಿದೆ. ಅವರು ಮಾಡಲಿಲ್ಲ, ಒಂದು ಹೆಜ್ಜೆ ಹಿಂದೆ ಸರಿದರು.

"ಸಾಹೇಬ್ರು ನನ್ನ ಕರೆಸಿ, ನಾ ಬರೆದದ್ದು ನನಗ ಓದಿ ತೋರಿಸಿದ್ರು," ಅಂದರು ಸಣ್ಣ ದನಿಯಲ್ಲಿ. "ಅಧಿಕಾರಿ ಹೇಳಿದ್ರೂ ಬಡಿಗಿ ಹಿಡಿಯಾಂಗಿಲ್ಲ ಅನ್ನೂ ವಾಕ್ಯಕ್ಕ ಪೂರ್ತಿ ಒಪ್ಪತೇನಿ ಅಂತ ಗುರುತು ಹಾಕೇನೆಲ್ಲ, ಅದನ್ನ. ಓದಿ ನಕ್ರು. ಯಾಕ ನಕ್ರೋ ತಿಳೀಲಿಲ್ಲ."

"ಕೆಲಸ ಸಿಕ್ಕತಲ್ಲರೀ ಬಾಯಿ..."

"ಸಿಕ್ಕೈತ್ರಿ. ನಾ ಕೇಳೂದು ಅದಲ್ಲ. ಆ ಹಾಳಿ ಇನ್ನ ಯಾರ್ಯಾರ ಕೈಯಾಗ ಐತ್ರಿ?"

ಹಾಳೆ ನನ್ನ ಚೀಲದಲ್ಲಿದೆ ಎನ್ನಲು ಹೊರಟೆ. ಆದರೆ ಆ ದಿನ ಸಾಹೇಬರ ಮೇಜಿನಿಂದ ಅದನ್ನು ವಾಪಸು ತೆಗೆದುಕೊಂಡೆನೇ? ನೆನಪು ಮಾಡಿಕೊಳ್ಳಲು ನೋಡಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಮಗುವಿನ ಕೈ ಹಿಡಿದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.