ವಟಿಯ ಮೇಲಿಟ್ಟ ಭರವಸೆ

ಗಡಹಿಂಗ್ಲಜದ ನಮ್ಮ ಔಷಧಿ ಅಂಗಡಿಯಲ್ಲಿ ಗಲ್ಲೆಯ ಹಿಂದೆ ನಿಂತರೆ ಬೆನ್ನಿಗೆ ಕಪಾಟು, ಪಕ್ಕಕ್ಕೆ ಮಾವನವರ ಕುರ್ಚಿ. ನಾನು ಹೊರಗೆ ಬರಬೇಕೆಂದರೆ ಅವರು ಏಳಬೇಕು. ಏಳುವಾಗ ಅವರ ಮಂಡಿ ನೋಯುತ್ತಿತ್ತು, ಹಾಗಾಗಿ ನಾನು ಹೊರಗೆ ಬರುತ್ತಲೇ ಇರಲಿಲ್ಲ. ಮದುವೆಯಾದ ಮೊದಲ ವರ್ಷವೆಲ್ಲ ಹೀಗೇ ಕಳೆಯಿತು. ನನ್ನ ತವರು ಯಡ್ರಾವ, ಮಗ್ಗದ ಸದ್ದಿನಲ್ಲಿ ಬೆಳೆದವಳು. ಅಲ್ಲಿ ಎಷ್ಟು ಗೊಣಗಿದರೂ ಯಾರ ಕಿವಿಗೂ ಬೀಳುವುದಿಲ್ಲ. ಇಲ್ಲಿ ಉಸಿರು ಸ್ವಲ್ಪ ಜೋರಾಗಿ ಬಿಟ್ಟರೂ ಮಾವನವರು "ಯಾಕ ಸೂನಬಾಯಿ, ಏನಾತು?" ಎನ್ನುತ್ತಿದ್ದರು. ಮರಾಠಿ ಸೀಮೆಯಾದ್ದರಿಂದ ಸೊಸೆ ಇಲ್ಲಿ ಸೂನಬಾಯಿ.

ನಾವು ಜೈನರು. ಮಾವನವರು ಹರೆಯದಲ್ಲೇ ಮುನಿಗಳ ಮುಂದೆ ಕೈಮುಗಿದು, ಬದುಕಿರುವವರೆಗೆ ಜೇನು ಮುಟ್ಟುವುದಿಲ್ಲ ಎಂದು ನಿಯಮ ತೆಗೆದುಕೊಂಡವರು. ಜೇನಿಗೆ ಎಷ್ಟು ಜೀವ ಹೋಗುತ್ತದೆ ಎಂಬುದು ಅವರ ಲೆಕ್ಕ. ಆಯುರ್ವೇದದ ಅಂಗಡಿ ಇಟ್ಟುಕೊಂಡು ಜೇನು ಬಿಟ್ಟು ಬದುಕುವುದೆಂದರೆ ಚೇಷ್ಟೆಯೇ? ಅದಕ್ಕೆ ಅವರು ಕಪಾಟನ್ನೇ ಎರಡು ಪಾಲು ಮಾಡಿದ್ದರು. ಎಡಗಡೆ ನಮ್ಮ ಮಂದಿಗೆ ನಡೆಯುವಂಥವು, ಬಲಗಡೆ ನಡೆಯದವು. ನನಗೆ ಅಂಗಡಿ ಕಲಿಸಿದ್ದೂ ಡಬ್ಬಿಯ ಮೇಲಿನ ಹೆಸರಿನ ಬಾಲ ಹಿಡಿದೇ.

"ಚೂರ್ಣ ಅಂದ್ರ ಬರೇ ಪುಡಿ. ವಟಿ ಅಂದ್ರ ಗುಳಿಗಿ. ಘೃತ ಅಂದ್ರ ಔಷಧ ಹಾಕಿ ಕುದಿಸಿದ ತುಪ್ಪ. ಈ ಮೂರೂ ಎಡಕ್ಕ. ಲೇಹ್ಯ ಆಗ್ಲಿ, ಮರಾಠಿ ಡಬ್ಬಿ ಮ್ಯಾಲೆ ಅವಲೇಹ ಅಂತ ಇರ್ಲಿ, ಎರಡೂ ಒಂದ. ನೆಕ್ಕೂದು. ಅದ್ರಾಗ ಜೇನು ಬೀಳ್ತೈತಿ. ಬಲಕ್ಕ."

ಆಸವ, ಅರಿಷ್ಟದ ಬಾಟಲಿಗಳೂ ಬಲಕ್ಕೇ. ಅವು ಹುದುಗುವಾಗ ತಾವಾಗಿಯೇ ಮದ್ಯ ಹುಟ್ಟುತ್ತದೆ ಎಂಬ ಕಾರಣಕ್ಕೆ. ಹಳ್ಳಿಗಳಿಂದ ಎಸ್‌ಟಿ ಬಸ್ಸು ಹಿಡಿದು ಬರುವ ಜೈನರು ಮಾವನವರ ಎಡಗೈ ಹೋದ ಕಡೆ ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಿದ್ದರು. ಡಬ್ಬಿಯ ಹಿಂದಿನ ಸಣ್ಣಕ್ಷರ ಓದುವ ಪದ್ಧತಿ ನಮ್ಮಲ್ಲಿರಲಿಲ್ಲ.

ಆ ಚಳಿಗಾಲ ಮಾವನವರಿಗೆ ಒಣಕೆಮ್ಮು ಹತ್ತಿತು. ಮಾತಾಡಲು ಬಾಯಿ ತೆರೆದರೆ ಕೆಮ್ಮು, ಸುಮ್ಮನಿದ್ದರೂ ಕೆಮ್ಮು. ಅದೇ ವಾರ ನನ್ನ ಗಂಡ ಕೊಲ್ಹಾಪುರದ ಹೋಲ್‌ಸೇಲ್ ಅಂಗಡಿಯಿಂದ ಮಾಲು ತಂದಿದ್ದ. ಅದರಲ್ಲಿ ಏಲಾದಿ ವಟಿ ಇತ್ತು. ಏಲಕ್ಕಿ, ದ್ರಾಕ್ಷಿ, ಖರ್ಜೂರ, ಹಿಪ್ಪಲಿ ಬಿದ್ದಿರುವ ಗುಳಿಗೆ, ಬಾಯಲ್ಲಿಟ್ಟು ಚೀಪಬೇಕು. ನಾವು ಮೊದಲು ತರಿಸುತ್ತಿದ್ದ ಕಂಪನಿಯ ಡಬ್ಬಿ ಬರುವುದು ನಿಂತಿತ್ತು, ಇದು ಬೇರೆಯವರದ್ದು. ಹೆಸರಿನ ಕೊನೆಗೆ ವಟಿ ಎಂದಿದೆಯಲ್ಲ ಎಂದು ನಾನೇ ಎಡಕ್ಕೆ ಜೋಡಿಸಿದೆ. ಒಂದು ಡಬ್ಬಿ ಒಡೆದು ಮಾವನವರಿಗೂ ಕೊಟ್ಟೆ. ಹದಿನೈದು ದಿನದಲ್ಲಿ ಕೆಮ್ಮು ಹತೋಟಿಗೆ ಬಂತು, ವಟಿ ಚೀಪುವ ರೂಢಿ ಮಾತ್ರ ಉಳಿಯಿತು. "ಸೂನಬಾಯಿ ಕೈಗುಣ" ಎಂದು ಬಂದವರ ಮುಂದೆಲ್ಲ ಹೇಳಿಕೊಂಡರು. ನನಗೂ ಒಳಗೊಳಗೇ ಹಿಗ್ಗು. ಆ ಅಂಗಡಿಯಲ್ಲಿ ಯಾರೋ ನನ್ನನ್ನು ಹೊಗಳಿದ್ದು ಅದೇ ಮೊದಲು.

ಹದಿನಾರನೆಯ ದಿನ ನೇಸರಿಯ ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ಅವಳದೂ ಜೇನಿನ ನಿಯಮ, ಅದೂ ಹೊಸದು. ಹೊಸದಾದ್ದರಿಂದ ಅವಳು ಪ್ರತಿಯೊಂದನ್ನೂ ಕೇಳುತ್ತಿದ್ದಳು.

"ವಹಿನಿ, ಇದ್ರಾಗ ಏನೇನ ಹಾಕ್ಯಾರ ಸ್ವಲ್ಪ ಓದಿ ಹೇಳ್ರಿ."

ಡಬ್ಬಿ ತಿರುಗಿಸಿ ಓದಿದೆ. ಕಟ್ಟಕಡೆಯ ಸಾಲಿನಲ್ಲಿ ಹಿಂದಿಯಲ್ಲಿತ್ತು: ಮಧು, ಆವಶ್ಯಕತೆ ಇದ್ದಷ್ಟು. ಪುಡಿಯನ್ನು ಗುಳಿಗೆಯಾಗಿ ಕಟ್ಟಲು ಏನಾದರೂ ಅಂಟು ಬೇಕಲ್ಲ, ಹಳೆಯ ಕಂಪನಿಯವರು ಸಕ್ಕರೆ ಪಾಕ ಬಳಸುತ್ತಿದ್ದರು. ಇವರು ಗ್ರಂಥದಲ್ಲಿ ಇದ್ದ ಹಾಗೆ ಜೇನು ಬಳಸಿದ್ದರು. ಅವರ ತಪ್ಪೇನೂ ಇರಲಿಲ್ಲ, ಮುಚ್ಚುಮರೆಯಿಲ್ಲದೆ ಬರೆದೇ ಇದ್ದರು. ಆ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು ಡಬ್ಬಿಯನ್ನು ಮತ್ತೆ ಮುಂದಕ್ಕೆ ತಿರುಗಿಸಿದೆ.

"ಅದೇನ ಓದ್ತಿ, ವಟಿ ಅದು. ಜೇನು ಇರೂದಿಲ್ಲ, ತಗೋರಿ ಅಕ್ಕಾರ," ಎಂದರು ಮಾವನವರು. ಹಾಗೆನ್ನುವಾಗ ಅವರ ಎಡಗೆನ್ನೆಯಲ್ಲಿ ಅದೇ ವಟಿ ಉಬ್ಬಿಕೊಂಡಿತ್ತು.

"ಇದರ ತಾರೀಖು ಮುಗದೈತ್ರಿ," ಎಂದು ಸುಳ್ಳು ಹೇಳಿದೆ. ಸಿತೋಪಲಾದಿ ಚೂರ್ಣದ ಡಬ್ಬಿ ಕೊಟ್ಟು, ಜೇನಿನ ಬದಲು ತುಪ್ಪದಲ್ಲಿ ಕಲಸಿಕೊಳ್ಳಲು ಹೇಳಿ ಕಳಿಸಿದೆ. "ಹೊಸಾ ಮಾಲು, ಅದ್ಹ್ಯಾಂಗ ತಾರೀಖು ಮುಗೀತೈತಿ?" ಎಂದು ಮಾವನವರು ಗೊಣಗಿದರು. ಅದೊಂದೇ ಡಬ್ಬಿ ಹಳೆಯದು ಎಂದೆ. ಒಂದು ಸುಳ್ಳಿಗೆ ಇನ್ನೊಂದು ಕಾವಲು.

ಗಂಡನಿಗೆ ಹೇಳಿದರೆ ಆತ ನನಗಿಂತ ಪುಕ್ಕಲು. "ಅಪ್ಪಾಗ ಹೇಳಬ್ಯಾಡ. ಉಪವಾಸ ಕೂತು ಜೀವಾ ಬಿಟ್ಟಾನು. ಡಬ್ಬಿ ಮುಗೀಲಿ, ಬ್ಯಾರೆ ತರೂಣು." ಅಷ್ಟು ಹೇಳಿ ಆತ ಮರುದಿನ ಇಚಲಕರಂಜಿಗೆ ಕೆಲಸವಿದೆಯೆಂದು ಹೊರಟೇಹೋದ. ಗಂಡಸರಿಗೆ ಯಾವಾಗಲೂ ಒಂದು ಬಸ್ಸು ಸಿಗುತ್ತದೆ.

ನಾನು ಮಾತ್ರ ಗಲ್ಲೆಗೂ ಕಪಾಟಿಗೂ ನಡುವೆ. ಮಾವನವರು ಕೈ ಚಾಚುತ್ತಿದ್ದರು, ನಾನು ವಟಿ ಇಡುತ್ತಿದ್ದೆ. ಹೇಳಿದರೆ ಅವರ ಅರ್ಧ ಶತಮಾನದ ನಿಯಮ ನನ್ನ ಕೈಯಿಂದ ಮುರಿಯಿತು ಎಂದಾಗುತ್ತದೆ. ಹೇಳದಿದ್ದರೆ ಪ್ರತಿ ಗುಳಿಗೆಗೂ ಅದು ಮತ್ತೆ ಮುರಿಯುತ್ತದೆ. ಮುಗಿದಿದೆ ಅನ್ನೋಣವೆಂದರೆ ಡಬ್ಬಿಗಳ ಸಾಲು ಅವರ ಕಣ್ಣ ಮುಂದೆಯೇ ಇತ್ತು. ರಾತ್ರಿಗಿಂತ ಹಗಲು ಕೆಟ್ಟದ್ದಾಗಿತ್ತು, ಯಾಕೆಂದರೆ ಹಗಲು ಅವರು ಹಸನ್ಮುಖರಾಗಿ ಪಕ್ಕದಲ್ಲೇ ಕೂತಿರುತ್ತಿದ್ದರು. ಅವರ ಮೇಲೆಯೇ ಸಿಟ್ಟು ಬರುತ್ತಿತ್ತು. ಯಾಕೆ ಇಷ್ಟು ನಂಬಬೇಕು ಇವರು? ಒಮ್ಮೆ ಕನ್ನಡಕ ಹಾಕಿ ಡಬ್ಬಿ ತಿರುಗಿಸಿದ್ದರೆ ನನ್ನ ಪಾಡಿಗೆ ನಾನಿರುತ್ತಿದ್ದೆ.

ಹೀಗೆ ನಾಲ್ಕು ದಿನ. ನಾಲ್ಕನೆಯ ದಿನ ಮಧ್ಯಾಹ್ನ ಮಾವನವರು ಹುಮ್ಮಸ್ಸಿನಿಂದ ಕುರ್ಚಿಯಿಂದ ಎದ್ದರು.

"ಬಸದಿಗೆ ಮಾತಾಜಿಯವರು ಬಂದಾರ. ಭಾಳ ಕೆಮ್ಮಾಕತ್ತಾರಂತ. ಏಲಾದಿ ಎರಡ ಡಬ್ಬಿ ಕಟ್ಟು, ನಾಳೆ ಆಹಾರದ ಹೊತ್ತಿಗೆ ಕೊಟ್ಟು ಬರ್ತೇನಿ."

ಸಂಸಾರ ಬಿಟ್ಟು, ದಿನಕ್ಕೆ ಒಂದೇ ಹೊತ್ತು, ಅದೂ ತಟ್ಟೆಯಿಲ್ಲದೆ ಅಂಗೈಯಲ್ಲೇ ಉಣ್ಣುವ ಸಾಧ್ವಿ. ಆ ಅಂಗೈಗೆ ಇದು ಹೋಗಲು ನಾನು ಬಿಡುವಂತಿರಲಿಲ್ಲ.

"ಬ್ಯಾಡ್ರಿ ಮಾವಾರ. ಅದ್ರಾಗ ಜೇನು ಐತ್ರಿ."

ಅವರು ನಕ್ಕರು. "ವಟಿ ಅದು."

ನಾನು ಡಬ್ಬಿ ತಿರುಗಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಬಾಯಲ್ಲಿದ್ದುದನ್ನು ಅಂಗೈಗೆ ತೆಗೆದು ಕಾಗದದಲ್ಲಿ ಸುತ್ತಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನಿನಗ ಯಾವತ್ತ ಗೊತ್ತಾತು?"

"ನೇಸರಿಯವರು ಬಂದಿದ್ರಲ್ರಿ, ಅವತ್ತ."

ಬೆರಳು ಮಡಿಚಿ ದಿನ ಎಣಿಸಿದರು. ದನಿ ಏರಲಿಲ್ಲ.

"ಓದದ ತಿಂದಾಂವ ನಾನು. ಹದಿನೈದ ದಿವಸದ್ದು ನಂದು. ಅದಕ್ಕ ಮಾತಾಜಿಯವರ ಮುಂದ ಪ್ರಾಯಶ್ಚಿತ್ತ ಕೇಳ್ತೇನಿ. ಈ ನಾಲ್ಕ ದಿವಸದ್ದು ನಿಂದು. ಅದನ್ನ ನಾ ಹ್ಯಾಂಗ ಕೇಳ್ಲಿ?"

ಮರುದಿನ ಅವರು ಬರಿಗೈಯಲ್ಲಿ ಬಸದಿಗೆ ಹೋಗಿಬಂದರು, ಮೂರು ಉಪವಾಸ ಮಾಡಿದರು, ಮುಗಿಸಿ ನನ್ನ ಕೈಯಿಂದಲೇ ಗಂಜಿ ಕುಡಿದರು. ಅವರ ಮನಸ್ಸು ಹಗುರಾಯಿತು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ನನಗೆ ನಿಯಮಗಳಲ್ಲಿ ಆಗಲೂ ನಂಬಿಕೆಯಿರಲಿಲ್ಲ, ಈಗಲೂ ಇಲ್ಲ. ಆದರೂ ಆ ನಾಲ್ಕು ದಿನ ಇವತ್ತಿಗೂ ನನ್ನವೇ, ಅವನ್ನು ಯಾರ ಮುಂದೆ ಇಳಿಸಬೇಕೋ ನನಗೆ ಗೊತ್ತಿಲ್ಲ.