ಖಾಲಿ ಮನೆಯ ಸೊನ್ನೆ

ಮುಳಬಾಗಿಲಿನ ಸಂಕರ್ಷಣರಾಯರಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ಮಂಡಿಯಲ್ಲಿ ಲೆಕ್ಕ ಬರೆದೇ ತಲೆ ನರೆಸಿಕೊಂಡವರು. ಲೆಕ್ಕದ ಪುಸ್ತಕದ ಖಾಲಿ ಮನೆಯಲ್ಲಿ ಯಾರು ಬೇಕಾದರೂ ಅಂಕಿ ತುರುಕಿಯಾರು ಎಂದು ಸೊನ್ನೆ ಸುತ್ತಿ ಮುಚ್ಚುವುದು ಅವರ ಅಭ್ಯಾಸ. ವಯಸ್ಸಾದ ಮೇಲೆ ವಿದ್ಯಾರ್ಥಿವೇತನ ಕೊಡುವ ಒಂದು ಟ್ರಸ್ಟ್ ಸೇರಿ ಕಂಪ್ಯೂಟರನ್ನೂ ಕಲಿತರು. ಚಾಳಿ ಮಾತ್ರ ಹೋಗಲಿಲ್ಲ.

ಆ ವರ್ಷ ವಿದ್ಯಾರ್ಥಿವೇತನ ನವೀಕರಣದ ಹಾಳೆಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದವಳು ಕಚೇರಿಯ ಚಿತ್ರಾ. ವರ್ಷದ ಸರಾಸರಿ ಅಂಕ ಅರವತ್ತಕ್ಕಿಂತ ಕಡಿಮೆಯಾಗಬಾರದು, ಒಂದು ವಿಷಯದಲ್ಲೂ ಮೂವತ್ತೈದಕ್ಕಿಂತ ಇಳಿಯಬಾರದು. ಎರಡೂ ಸರಿಯಿದ್ದರೆ ಸೂತ್ರ 'ಮುಂದುವರಿಕೆ' ಎನ್ನುತ್ತಿತ್ತು, ಇಲ್ಲದಿದ್ದರೆ 'ರದ್ದು'. ಬಿ.ಕಾಂ.ನವರಿಗೆ ಏಳು ವಿಷಯ, ಬಿ.ಎ.ಯವರಿಗೆ ಆರು. ಬಿ.ಎ. ಮಕ್ಕಳ ಏಳನೆಯ ಮನೆ ಖಾಲಿ. ಖಾಲಿ ಮನೆಯನ್ನು ಸೂತ್ರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಚಿತ್ರಾ ರಜೆಗೆ ಹೋದಳು. ರಾಯರು ಅಲ್ಲೆಲ್ಲ ಸೊನ್ನೆ ತುಂಬಿದರು.

ಬಿ.ಎ.ಯ ನಾಲ್ವರೂ ರದ್ದಾದರು. ಟ್ರಸ್ಟಿಗಳು ಯಾಕೆಂದು ಕೇಳಲಿಲ್ಲ. ಬಿ.ಎ. ಮಕ್ಕಳು ಓದುವುದು ಅಷ್ಟರಲ್ಲೇ ಇದೆ ಎಂದು ನಕ್ಕು ಸಹಿ ಹಾಕಿದರು. ರಾಯರೂ ತಲೆಯಾಡಿಸಿದರು, ಅದೇ ಅವರ ಪಾಪ. 'ಒಂದು ವಿಷಯದಲ್ಲಿ ಅನುತ್ತೀರ್ಣ' ಎಂಬ ಕಾಗದಗಳು ಅಂಚೆಗೆ ಬಿದ್ದವು.

ರಜೆ ಮುಗಿಸಿ ಬಂದ ಚಿತ್ರಾ ಹಾಳೆ ತೆರೆದು, ಈ ಸೊನ್ನೆಗಳು ಎಲ್ಲಿಂದ ಬಂದವು ಎಂದಳು. ರಾಯರು ಆ ನಾಲ್ವರಲ್ಲಿ ಒಬ್ಬಳಾದ ಮುನಿಲಕ್ಷ್ಮಿಯ ಸಾಲಿನ ಸೊನ್ನೆಯನ್ನು ಅಳಿಸಿದರು. 'ರದ್ದು' ಇದ್ದಲ್ಲಿ 'ಮುಂದುವರಿಕೆ' ಬಂತು. ಉಳಿದ ಮೂರನ್ನೂ ಅಳಿಸಿದರು. ಆ ಮೂವರ ಮನೆಗೆ ಫೋನ್ ಮಾಡಿ ತಪ್ಪಾಯಿತೆಂದು ತಿಳಿಸಿದರು. ಗೌನಿಪಲ್ಲಿಯ ಮುನಿಲಕ್ಷ್ಮಿಯ ಮನೆಯಲ್ಲಿ ಫೋನ್ ಇರಲಿಲ್ಲ.

ಮರುದಿನ ಬಸ್ ಹತ್ತಿದರು. ಶ್ರೀನಿವಾಸಪುರ ದಾಟಿದ ಮೇಲೆ ಮಾವಿನ ತೋಪುಗಳ ನಡುವೆ ಒಂದೇ ಯೋಚನೆ: ಕಾಗದ ನನಗಿಂತ ಮೊದಲೇ ತಲುಪಿ ಏನು ಮಾಡಿರಬಹುದು? ಮನೆಯ ದಾರಿ ಕೇಳಿದರೆ, ಆ ಸುಳ್ಳು ಹೇಳಿದ ಹುಡುಗಿಯದಾ ಎಂದನೊಬ್ಬ. ರಾಯರು ಬೇಗ ಬೇಗ ಹೆಜ್ಜೆ ಹಾಕಿದರು.

ಜಗಲಿಯಲ್ಲಿ ಅಪ್ಪ ಸೊಣ್ಣಪ್ಪ ಮುಖ ತಿರುಗಿಸಿ ಕೂತಿದ್ದ. ತಾಯಿ ಶಾಮಲಮ್ಮ ತಗ್ಗಿದ ದನಿಯಲ್ಲಿ ಹೇಳಿದಳು. ಎಲ್ಲ ಪಾಸು ಎಂದು ಮಗಳು ಅಂಕಪಟ್ಟಿ ತೋರಿಸಿದ್ದಳಂತೆ. ಆಮೇಲೆ ಟ್ರಸ್ಟಿನ ಕಾಗದ ಬಂತು. ದೊಡ್ಡವರ ಮೊಹರು ಸುಳ್ಳಾದೀತೇ? ಅಂಕಪಟ್ಟಿಯೇ ಕಳ್ಳದ್ದೆಂದು ಅಪ್ಪ ಒಲೆಗೆ ಹಾಕಿದ. ಕಾಲೇಜು ನಿಂತಿತು. ಅಂದಿನಿಂದ ಅವನು ಮಗಳ ಜೊತೆ ಮಾತಾಡಿಲ್ಲ.

ರಾಯರು ತಪ್ಪು ತಮ್ಮದೆಂದರು. ಹಣ ಬರುತ್ತದೆ, ಅಂಕಪಟ್ಟಿಯ ನಕಲು ವಿಶ್ವವಿದ್ಯಾಲಯದಿಂದ ನಾನೇ ತರಿಸುತ್ತೇನೆ ಎಂದರು. ಸೊಣ್ಣಪ್ಪ ಕದಲಲಿಲ್ಲ.

ಒಳಗಿನಿಂದ ಮುನಿಲಕ್ಷ್ಮಿ ಬಾಗಿಲವರೆಗೆ ಬಂದಳು.

"ದುಡ್ಡಿನ ಮಾತು ಆಮೇಲೆ ಸಾರ್," ಎಂದಳು. "ನಾನು ಸುಳ್ಳು ಹೇಳಿಲ್ಲ ಅಂತ ಮೊದ್ಲು ಬೀದೀಲಿ ನಿಂತ್ಕೊಂಡು ಜೋರಾಗಿ ಹೇಳಿ. ನಮ್ಮಪ್ಪ ನಾನು ಹೇಳಿದ್ರೆ ನಂಬಲ್ಲ."

ರಾಯರು ಎದ್ದು ಬೀದಿಗಿಳಿದರು. ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ರಾಯರು ಹೇಳಬೇಕಾದ್ದನ್ನೆಲ್ಲ ಹೇಳಿ ತಿರುಗಿ ನೋಡುವಷ್ಟರಲ್ಲಿ ಸೊಣ್ಣಪ್ಪ ಜಗಲಿಯಿಂದ ಎದ್ದು ಹೋಗಿದ್ದ; ಬಾಗಿಲಲ್ಲಿ ಮುನಿಲಕ್ಷ್ಮಿ ಒಬ್ಬಳೇ ನಿಂತಿದ್ದಳು.